‘ಈ ಸಲ ರೊಕ್ಕ ಬಿಗಿ ಐತಿ’: ಗೋವಾ ಟ್ರಿಪ್‌ಗೆ ‘ಇಲ್ಲ’ ಅನ್ನೋದು ಹೇಗೆ?

ಬೆಳಗಾವಿಯವರಿಗೆ ಗೋವಾ ದೂರದ ಊರಲ್ಲ. ಖಾಸಬಾಗದಿಂದ ಬೆಳಗ್ಗೆ ಹೊರಟರೆ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್ ಇಳಿದು ಮಧ್ಯಾಹ್ನದ ಊಟಕ್ಕೆ ಪಣಜಿ ಮುಟ್ಟಬಹುದು. ಹಾಗಾಗಿ ಇಲ್ಲಿನ ದೋಸ್ತರ ಗ್ರೂಪಿನಲ್ಲಿ ಗೋವಾ ಪ್ಲ್ಯಾನ್ ಹುಟ್ಟೋಕೆ ಐದು ನಿಮಿಷ ಸಾಕು. ಒಬ್ಬ ಬೀಚಿನ ಫೋಟೊ ಹಾಕ್ತಾನೆ, ಇನ್ನೊಬ್ಬ ‘ಹೋಗೂಣ ಏನ್ರಲೇ?’ ಅಂತಾನೆ, ಮೂರನೆಯವ ಪೋಲ್ ಹಾಕೇ ಬಿಡ್ತಾನೆ. ಆರು ಜನರಲ್ಲಿ ಐವರು ‘ಹೂಂ’ ಒತ್ತಿರ್ತಾರೆ. ಆರನೆಯವ ಮೆಸೇಜ್ ಓದಿ, ನೀಲಿ ಟಿಕ್ ಬಿಟ್ಟು, ಫೋನ್ ಮಗ್ಗುಲಿಗೆ ಇಡ್ತಾನೆ.

ಈ ಲೇಖನ ಆ ಆರನೆಯವನದು. ಅವನಿಗೆ ಹೋಗೋ ಮನಸ್ಸಿದೆ, ರಜೆಯೂ ಇದೆ. ರೊಕ್ಕ ಮಾತ್ರ ಇಲ್ಲ. ಸಾಲದ ಹೊರೆಯೇನೂ ಅವನ ಮೇಲಿಲ್ಲ, ಊಟಕ್ಕೂ ಕೊರತೆಯಿಲ್ಲ. ಈ ತಿಂಗಳು ಟ್ರಿಪ್‌ಗೆ ಕೊಡುವಷ್ಟು ಕೈಯಲ್ಲಿ ಉಳಿದಿಲ್ಲ, ಅಷ್ಟೇ. ಈ ಒಂದು ಸಾಲನ್ನು ಹೇಳೋಕೆ ನಮ್ಮಲ್ಲಿ ಬಹಳ ಜನ ಮೂರು ವಾರ ತಗೋತಾರೆ. ಕೊನೆಗೆ ಹೇಳೋದು ಕೂಡ ಬೇರೆ ಏನನ್ನೋ.

ಮೊದಲು ಲೆಕ್ಕ ನೋಡೋಣ. ‘ಇಲ್ಲ’ ಯಾವಾಗ ಹೇಳಬೇಕು ಅನ್ನೋದಕ್ಕೆ ಉತ್ತರ ಈ ಲೆಕ್ಕದೊಳಗೇ ಇದೆ.

ಖಾಸಬಾಗದ ಒಂದು ನೇಕಾರ ಮನೆಯ ಹುಡುಗ, ಉದ್ಯಮಬಾಗದಲ್ಲಿ ಕೆಲಸ, ಕೈಗೆ ಬರೋದು 24,000 ರೂಪಾಯಿ ಅಂತ ಇಟ್ಟುಕೊಳ್ಳಿ. ಮನೆಗೆ 10,000 ಕೊಡ್ತಾನೆ. ಬೈಕಿನ ಇಎಂಐ 3,800. ಓಣಿಯ ಭಿಶಿಗೆ 3,000. ಪೆಟ್ರೋಲು, ರೀಚಾರ್ಜು, ಚಹಾ-ನಾಷ್ಟಾ ಎಲ್ಲ ಸೇರಿ ಇನ್ನೊಂದು 3,000. ಉಳಿಯೋದು 4,200. ಇನ್ನು ಟ್ರಿಪ್. ಎರಡು ರಾತ್ರಿಗೆ ಮನೆ ಬಾಡಿಗೆ 18,000, ಏಳು ಸೀಟಿನ ಗಾಡಿಗೆ ಡೀಸೆಲ್ ಸೇರಿ 12,000, ಒಟ್ಟು 30,000. ಆರು ಜನಕ್ಕೆ ಹಂಚಿದರೆ ತಲೆಗೆ 5,000. ಊಟ, ತಿರುಗಾಟ, ಅದು ಇದು ಅಂತ ಒಬ್ಬೊಬ್ಬರಿಗೆ ಮತ್ತೆ 3,500 ಹಿಡಿಯಿರಿ. 8,500 ಆಯ್ತು. ಅಂದರೆ ಅವನ ಎರಡು ತಿಂಗಳ ಉಳಿತಾಯ ಎರಡು ರಾತ್ರಿಗೆ. ಈ ತಿಂಗಳ 4,200 ಹಾಕಿದರೂ 4,300 ಕೈಗಡ ತರಬೇಕು, ಅದನ್ನ ಮುಂದಿನ ತಿಂಗಳು ತೀರಿಸಬೇಕು. ಮುಂದಿನ ತಿಂಗಳು ಬೈಕಿನ ಟೈರ್ ಹೋದರೆ ಮತ್ತೆ ಯಾರದೋ ಮುಂದೆ ಕೈ ಚಾಚಬೇಕು.

ನಿಮ್ಮ ಅಂಕಿ ಬೇರೆ ಇರಬಹುದು. ಆದರೆ ಟ್ರಿಪ್ಪಿನ ಖರ್ಚಿನಲ್ಲಿ ಎರಡು ಥರ ಇರೋದು ಎಲ್ಲ ಕಡೆ ಒಂದೇ. ಊಟದ ಖರ್ಚು ತಲೆಗೆ ತಕ್ಕಂತೆ ಬದಲಾಗುತ್ತೆ, ನೀವು ಹೋಗದಿದ್ದರೆ ಅದು ಯಾರ ಮೇಲೂ ಬೀಳಲ್ಲ. ಮನೆ ಮತ್ತು ಗಾಡಿಯ ಬಾಡಿಗೆ ಹಾಗಲ್ಲ, ಎಷ್ಟು ಜನ ಹೋದರೂ ಅಷ್ಟೇ. ಆರರಲ್ಲಿ ಒಬ್ಬ ಬಿಟ್ಟರೆ ಅದೇ 30,000 ಐವರ ಮೇಲೆ ಬೀಳುತ್ತೆ, ತಲೆಗೆ 6,000. ಒಬ್ಬೊಬ್ಬರಿಗೆ ಸಾವಿರ ಜಾಸ್ತಿ.

ದೋಸ್ತರಿಗೆ ಸಿಟ್ಟು ಬರೋದು ಈ ಸಾವಿರಕ್ಕೆ. ನಿಮ್ಮ ಹತ್ತಿರ ರೊಕ್ಕ ಇಲ್ಲ ಅನ್ನೋದಕ್ಕೆ ಯಾರಿಗೂ ಸಿಟ್ಟು ಬರಲ್ಲ. ಮನೆ ಬುಕ್ ಆಗೋ ಮೊದಲೇ ‘ಇಲ್ಲ’ ಬಂದರೆ ಆ ಸಾವಿರದ ಮಾತೇ ಏಳಲ್ಲ. ಐವರು ಸಣ್ಣ ಮನೆ ನೋಡ್ತಾರೆ, ಏಳು ಸೀಟಿನ ಗಾಡಿ ಬಿಟ್ಟು ಯಾರದೋ ಮನೆಯ ಕಾರಲ್ಲೇ ಹೋಗ್ತಾರೆ. ಬುಕ್ ಆದ ಮೇಲೆ, ಅದರಲ್ಲೂ ಹೊರಡೋ ಎರಡು ದಿನ ಮುಂಚೆ ಹೇಳಿದರೆ ಪ್ರತಿಯೊಬ್ಬನ ಜೇಬಿಗೂ ಕೈ ಹಾಕಿದಂತೆ.

ನೆಪದ ದೊಡ್ಡ ತೊಂದರೆ ಇಲ್ಲೇ ಇದೆ. ನೆಪ ಸುಳ್ಳು ಅನ್ನೋದು ಆಮೇಲಿನ ಮಾತು, ಅದು ಯಾವಾಗಲೂ ತಡವಾಗಿ ಬರುತ್ತೆ. ‘ನನಗ ಆರಾಮ ಇಲ್ಲ’ ಅಂತ ಮೂರು ವಾರ ಮುಂಚೆ ಹೇಳೋಕಾಗುತ್ತಾ? ಜ್ವರ ಬರಬೇಕಾದರೆ ಹೊರಡೋ ಹಿಂದಿನ ದಿನವೇ ಬರಬೇಕು. ನೆಪ ಹೇಳಬೇಕು ಅಂತ ತೀರ್ಮಾನಿಸಿದವ ಅಲ್ಲಿವರೆಗೂ ಪೋಲ್‌ನಲ್ಲಿ ‘ಹೂಂ’ ಒತ್ತಿ, ಶರ್ಟಿನ ಬಣ್ಣದ ಚರ್ಚೆಯಲ್ಲೂ ಭಾಗವಹಿಸಿ, ಕಾಯ್ತಾ ಕೂರಬೇಕು. ರೊಕ್ಕದ ಮಾತನ್ನಾದರೆ ಮೊದಲ ದಿನವೇ ಹೇಳಬಹುದು.

ಇನ್ನೊಂದು ತೊಂದರೆ, ನೆಪಕ್ಕೆ ಪರಿಹಾರ ಇರುತ್ತೆ. ‘ಲೀವ್ ಸಿಗಲಿಲ್ಲ’ ಅಂದರೆ ‘ಹಂಗಾರ ಮುಂದಿನ ಶನಿವಾರ ಹೋಗೂಣ’ ಅಂತಾರೆ. ಪ್ರೀತಿಯಿಂದಲೇ ಅಂತಾರೆ, ನಿಮಗೋಸ್ಕರ ತಾರೀಖು ಬದಲಿಸ್ತಾರೆ. ಆಗ ಇನ್ನೊಂದು ನೆಪ ಹುಡುಕಬೇಕು. ‘ಮನ್ಯಾಗ ಪೂಜಾ ಐತಿ’ ಅಂದರೆ ಪೂಜೆಗೆ ಕರೆಯಲಿಲ್ಲ ಯಾಕೆ ಅನ್ನೋ ಪ್ರಶ್ನೆ ಬರುತ್ತೆ. ಹೆಣ್ಣುಮಕ್ಕಳ ಗ್ರೂಪಿನಲ್ಲಿ ‘ಮನ್ಯಾಗ ಬಿಡಂಗಿಲ್ಲ’ ಅನ್ನೋದು ತಯಾರಾಗೇ ಇರೋ ನೆಪ. ಅದನ್ನ ನಂಬಿ ಗೆಳತಿಯೊಬ್ಬಳು ನೇರ ಅವ್ವಗೇ ಫೋನ್ ಹಚ್ಚಿ, ‘ಅಕ್ಕಾರ, ಕಳಸ್ರಿ ಆಕೀನ್ನ, ನಾವೆಲ್ಲಾ ಇದ್ದೀವಿ’ ಅಂದಾಗ ಏನೂ ತಿಳಿಯದ ಅವ್ವ ‘ನಾ ಯಾವಾಗ ಬ್ಯಾಡ ಅಂದ್ನಿ?’ ಅಂತಾಳೆ. ಇಲ್ಲದ ಕಟ್ಟುನಿಟ್ಟಿನ ಅಪವಾದ ಅವ್ವನ ತಲೆಗೆ ಬರುತ್ತೆ. ಮೇಲಾಗಿ ಖಾಸಬಾಗದಂಥ ಓಣಿಯಲ್ಲಿ ಜ್ವರ ಬಂದು ಮಲಗಿದವ ರವಿವಾರದ ಸಂತೆಯಲ್ಲಿ ಚೀಲ ಹಿಡಿದು ನಿಂತಿದ್ದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತೆ. ಬೆಂಗಳೂರಲ್ಲಿ ಅಡಗಬಹುದು, ಇಲ್ಲಿ ಸಾಧ್ಯವಿಲ್ಲ!

ಹಾಗಿದ್ದರೂ ಜನ ರೊಕ್ಕದ ಮಾತು ಬಿಟ್ಟು ಟೈಮಿನ ನೆಪವನ್ನೇ ಹೇಳ್ತಾರೆ. ‘ಬಿಜಿ ಇದೀನಿ’ ಅಂದರೆ ಮರ್ಯಾದೆ, ‘ರೊಕ್ಕ ಇಲ್ಲ’ ಅಂದರೆ ಅವಮಾನ ಅನ್ನೋ ಲೆಕ್ಕ. ಕೇಳಿಸಿಕೊಳ್ಳುವವರ ಕಡೆಯಿಂದ ನೋಡಿದರೆ ಇದು ಉಲ್ಟಾ. ಅಮೆರಿಕದಲ್ಲಿ ಗ್ರಾಂಟ್ ಡಾನೆಲಿ, ಆಶ್ಲೀ ವಿಲನ್ಸ್ ಮತ್ತು ಅವರ ಜೊತೆಗಾರರು ಇದೇ ವಿಷಯದ ಮೇಲೆ ಪ್ರಯೋಗ ಮಾಡಿ 2021ರಲ್ಲಿ ಪ್ರಕಟಿಸಿದರು. ಕರೆದಾಗ ‘ಟೈಮ್ ಇಲ್ಲ’ ಅಂದವರಿಗಿಂತ ‘ದುಡ್ಡಿಲ್ಲ’ ಅಂದವರ ಮೇಲೆ ಕೇಳಿದವರಿಗೆ ಹೆಚ್ಚು ನಂಬಿಕೆ, ಹೆಚ್ಚು ಆಪ್ತಭಾವ ಇರೋದು ಅವರಿಗೆ ಕಂಡಿತು. ಕಾರಣ ಸರಳ. ಟೈಮ್ ಅನ್ನೋದು ಮನಸ್ಸು ಮಾಡಿದರೆ ಹೊಂದಿಸಬಹುದಾದದ್ದು ಅಂತ ಎಲ್ಲರೂ ತಿಳಿದಿರ್ತಾರೆ. ‘ಟೈಮ್ ಇಲ್ಲ’ ಅಂದರೆ ‘ನನಗೋಸ್ಕರ ಟೈಮ್ ಮಾಡಿಕೊಳ್ಳಲಿಲ್ಲ’ ಅಂತಲೇ ಕೇಳಿಸುತ್ತೆ. ದುಡ್ಡು ಹಾಗೆ ಮನಸ್ಸು ಮಾಡಿದ ಕೂಡಲೇ ಹುಟ್ಟಲ್ಲ ಅನ್ನೋದು ಎಲ್ಲರಿಗೂ ಗೊತ್ತು.

ಇದಕ್ಕೆ ಒಂದು ಫ್ಯಾಷನ್ ಹೆಸರೂ ಬಂದಿದೆ. 2023ರ ಕೊನೆಯಲ್ಲಿ ಲೂಕಸ್ ಬ್ಯಾಟಲ್ ಎಂಬ ಹಾಸ್ಯಗಾರ ಟಿಕ್‌ಟಾಕ್‌ನಲ್ಲಿ ‘ಲೌಡ್ ಬಜೆಟಿಂಗ್’ ಅಂತ ತಮಾಷೆಗೆ ಶುರು ಮಾಡಿದ್ದು ಮರುವರ್ಷ ದೊಡ್ಡ ಟ್ರೆಂಡ್ ಆಯಿತು. ಖರ್ಚು ಮಾಡಲ್ಲ ಅನ್ನೋದನ್ನ ಅಡಗಿಸದೆ ಜೋರಾಗಿ ಹೇಳೋದು, ಅಷ್ಟೇ. ನಮ್ಮ ನೇಕಾರ ಓಣಿಗಳಿಗೆ ಇದೇನು ಹೊಸದಲ್ಲ. ಖಾಸಬಾಗ, ವಡಗಾವಿ, ಶಹಾಪುರದಲ್ಲಿ ‘ಈ ತಿಂಗಳ ಸೀರಿ ಹೋಗಿಲ್ಲ’ ಅನ್ನೋ ಮಾತು ಕಟ್ಟೆಯ ಮೇಲೆ ಸಹಜವಾಗಿಯೇ ಓಡಾಡುತ್ತೆ. 2019ರ ಆಗಸ್ಟ್ ಮಳೆಗೆ ಮಗ್ಗದ ಮನೆಗಳಿಗೆ ನೀರು ನುಗ್ಗಿದಾಗ, ಮರುವರ್ಷ ಲಾಕ್‌ಡೌನಿನಲ್ಲಿ ಮಗ್ಗ ನಿಂತಾಗ ಯಾರೂ ಯಾರ ಮುಂದೆಯೂ ಸೋಗು ಹಾಕುವ ಹಾಗಿರಲಿಲ್ಲ. ಭಿಶಿಯಲ್ಲಂತೂ ಯಾರು ಎಷ್ಟು ಕಟ್ತಾರೆ, ಯಾರ ನಂಬರ್ ಯಾವಾಗ ಅನ್ನೋದು ಇಡೀ ಓಣಿಗೆ ಗೊತ್ತು. ಅಪ್ಪ ಅಷ್ಟು ಸಲೀಸಾಗಿ ಹೇಳುವ ಮಾತು ಮಗನ ಬಾಯಲ್ಲಿ ಸಿಕ್ಕಿಕೊಳ್ಳೋದು ಯಾಕೆ? ನನಗನ್ನಿಸೋದು ಇಷ್ಟು: ಅಪ್ಪನ ಕಟ್ಟೆಯಲ್ಲಿ ಎಲ್ಲರದೂ ಒಂದೇ ಕಸುಬು, ಸೀಸನ್ ಕೆಟ್ಟರೆ ಎಲ್ಲರಿಗೂ ಕೆಡುತ್ತೆ. ಮಗನ ಗ್ರೂಪಿನಲ್ಲಿ ಒಬ್ಬ ಪುಣೆಯ ಐಟಿ ಕಂಪನಿ, ಒಬ್ಬ ಬ್ಯಾಂಕು, ಒಬ್ಬ ಫೌಂಡ್ರಿ. ಕಾಲೇಜಿನಲ್ಲಿ ಒಂದೇ ಪ್ಲೇಟ್ ಮಿಸಳ ಹಂಚಿಕೊಂಡವರ ಪಗಾರ ಈಗ ಒಂದಕ್ಕೆ ಮೂರು ಪಟ್ಟು ವ್ಯತ್ಯಾಸ, ಆ ವಿಷಯವನ್ನ ಯಾರೂ ಬಾಯಿಬಿಟ್ಟು ಹೇಳಿರಲ್ಲ.

ಸರಿ, ಏನು ಹೇಳಬೇಕು? ಇಷ್ಟು ಸಾಕು:

‘ದೋಸ್ತ, ಗೋವಾಕ್ಕ ನಾ ಬರಂಗಿಲ್ಲ. ಈ ತಿಂಗಳ ರೊಕ್ಕ ಬಿಗಿ ಐತಿ. ನನ್ನ ಬಿಟ್ಟು ಲೆಕ್ಕಾ ಹಾಕ್ರಿ.’

ಮೂರು ಸಾಲಿಗೂ ಒಂದೊಂದು ಕೆಲಸ ಇದೆ. ಮೊದಲನೇ ಸಾಲು ತೀರ್ಮಾನ. ‘ನೋಡ್ತೀನಿ’, ‘ಡೌಟ್ ಐತಿ’, ‘ಟ್ರೈ ಮಾಡ್ತೀನಿ’ ಅಂದರೆ ನಿಮ್ಮ ಹೆಸರು ಲಿಸ್ಟಿನಲ್ಲಿ ಉಳಿಯುತ್ತೆ, ನಿಮ್ಮ ಪಾಲಿನ 5,000 ಲೆಕ್ಕದಲ್ಲೂ ಉಳಿಯುತ್ತೆ. ಎರಡನೇ ಸಾಲು ಕಾರಣ, ಒಂದೇ ಕಾರಣ. ಅದಕ್ಕೆ ‘ಮತ್ತ ಲೀವೂ ಇಲ್ಲ, ಮಳೀನೂ ಐತಿ’ ಅಂತ ಬಾಲ ಹಚ್ಚಿದರೆ ಮೊದಲು ಹೇಳಿದ್ದು ಕೂಡ ನೆಪದಂತೆ ಕಾಣುತ್ತೆ. ಮೂರನೇ ಸಾಲನ್ನ ಬಹಳ ಜನ ಮರೀತಾರೆ, ನಿಜವಾಗಿ ಅದೇ ಮುಖ್ಯ. ‘ನನ್ನಿಂದ ನಿಮ್ಮ ಪ್ಲ್ಯಾನ್ ನಿಲ್ಲಬಾರದು’ ಅನ್ನೋದನ್ನ ಅದು ಹೇಳುತ್ತೆ, ಜೊತೆಗೆ ‘ಬಾರಲೇ’ ಅನ್ನೋ ಒತ್ತಾಯದ ಬಾಗಿಲನ್ನೂ ಮುಚ್ಚುತ್ತೆ.

‘ಸಾರಿ’ ಇಲ್ಲ ನೋಡಿ. ತಪ್ಪೇನೂ ಆಗಿಲ್ಲವಲ್ಲ! ‘ಸಾರಿ, ಭಾಳ ಬೇಜಾರಾಗೇತಿ, ನನ್ನ ಸಲುವಾಗಿ ನಿಮ್ಮ ಮೂಡ್ ಹೋಗೂದು ಬ್ಯಾಡ’ ಅಂತ ಬರೆದರೆ ಎದುರಿನವರು ಈಗ ನಿಮ್ಮನ್ನ ಸಮಾಧಾನ ಮಾಡೋ ಕೆಲಸಕ್ಕೆ ನಿಲ್ಲಬೇಕು. ‘ಮುಂದಿನ ಸಲ ಪಕ್ಕಾ’ ಅನ್ನೋದೂ ಬೇಡ, ಮುಂದಿನ ಸಲದ ಲೆಕ್ಕ ನಿಮಗಿನ್ನೂ ಗೊತ್ತಿಲ್ಲ.

ಇದನ್ನ ಗ್ರೂಪಿನಲ್ಲಿ ಹಾಕೋ ಮೊದಲು, ಟ್ರಿಪ್ ಹೊಂದಿಸುತ್ತಿರುವವನಿಗೆ ಒಬ್ಬನಿಗೇ ಕಳಿಸೋದು ಒಳ್ಳೇದು. ಫೋನ್ ಮಾಡಿದರೆ ಇನ್ನೂ ಒಳ್ಳೇದು. ಬುಕಿಂಗ್ ಅವನ ಕೈಯಲ್ಲಿದೆ, ಲೆಕ್ಕ ಅವನದು. ಗ್ರೂಪಿನಲ್ಲಿ ಆಮೇಲೆ ‘ನಾ ಇಲ್ಲ ಈ ಸಲ, ಅಣ್ಣಗ ಹೇಳೀನಿ’ ಅಂದರೆ ಮುಗೀತು. ಆಫೀಸಿನ ಟೀಮ್ ಟ್ರಿಪ್ ಆದರೆ ಕಾರಣವೂ ಬೇಕಿಲ್ಲ. ‘ಸರ್, ಈ ಟ್ರಿಪ್‌ಗೆ ನಾ ಬರೂದಿಲ್ರಿ, ನನ್ನ ಹೆಸರ ಹಿಡೀಬ್ಯಾಡ್ರಿ’ ಅನ್ನೋದಷ್ಟೇ ಸಾಕು. ಪಗಾರ ಕೊಡುವವರ ಮುಂದೆ ರೊಕ್ಕ ಬಿಗಿ ಅಂದರೆ ಅದಕ್ಕೆ ಬೇರೆಯೇ ಅರ್ಥ ಬರುತ್ತೆ.

ಎಷ್ಟು ಹೇಳಬೇಕು ಅನ್ನೋದು ಸೂಕ್ಷ್ಮದ ಮಾತು. ನಮ್ಮ ಮನೆಗಳಲ್ಲಿ ‘ಮನಿ ಮಾತು ಹೊರಗ ಹಾಕಬಾರದು’ ಅಂತ ಹಿರಿಯರು ಹೇಳ್ತಾರೆ, ಅದರಲ್ಲಿ ಅರ್ಥ ಇದೆ. ಅಪ್ಪನ ಮಗ್ಗದ ಸಾಲ, ತಂಗಿಯ ಫೀ, ಅವ್ವನ ಔಷಧಿ ಇವೆಲ್ಲ ಮನೆಯ ಮಾತು. ನನ್ನ ಜೇಬಿನಲ್ಲಿ ಈ ತಿಂಗಳು ಎಷ್ಟಿದೆ ಅನ್ನೋದು ನನ್ನ ಮಾತು, ಅದನ್ನ ನಾನು ಹೇಳಬಹುದು. ಮನೆಯ ಕಷ್ಟ ಬಿಚ್ಚಿಟ್ಟರೆ ಕೇಳಿದವರಿಗೆ ಏನು ಹೇಳಬೇಕೋ ತಿಳಿಯಲ್ಲ, ನಿಮಗೆ ಮರುದಿನ ‘ಯಾಕರ ಹೇಳಿದ್ನೋ’ ಅನ್ನಿಸುತ್ತೆ. ತೀರಾ ಹತ್ತಿರದವ ಪಕ್ಕಕ್ಕೆ ಕರೆದು ಕೇಳಿದರೆ ಆ ಮಾತು ಬೇರೆ.

ಇನ್ನು ಬರೋ ಉತ್ತರಗಳು. ಹೆಚ್ಚಿನವರು ಒಂದು ‘ಓಕೆ ಭಾಯ್’ ಅಂದು ಮುಂದೆ ಹೋಗ್ತಾರೆ. ಅದನ್ನ ಓದಿ ‘ಇಷ್ಟೇನಾ?’ ಅಂತ ನಿಮಗೇ ಅನ್ನಿಸಬಹುದು. ಕರೆಗೆ ‘ಇಲ್ಲ’ ಅಂದರೆ ಕರೆದವರು ಬಹಳ ಬೇಜಾರು ಮಾಡಿಕೊಳ್ತಾರೆ ಅಂತ ನಾವು ಅಂದುಕೊಳ್ಳೋದು ನಿಜಕ್ಕಿಂತ ಹೆಚ್ಚು ಅಂತ ಜೂಲಿಯನ್ ಗಿವಿ ಮತ್ತು ಕಾಲೀನ್ ಕರ್ಕ್ ಅನ್ನೋ ಸಂಶೋಧಕರು ತೋರಿಸಿದ್ದಾರೆ.

ಕಷ್ಟದ ಉತ್ತರ ಅಂದರೆ ಪ್ರೀತಿಯದು. ‘ನಾ ಹಾಕ್ತೀನಿ ಬಾರಲೇ, ಆಮ್ಯಾಲ ಕೊಡು.’ ಇಲ್ಲಿ ಬಹಳ ಜನ ಜಾರ್ತಾರೆ. ಅವ ಕೊಡೋದು ನಿಮ್ಮ ಪಾಲಿನ ಐದು ಸಾವಿರ ಮಾತ್ರ. ಅಲ್ಲಿ ಹೋದ ಮೇಲೆ ಮೇಲಿನ 3,500 ನಿಮ್ಮದೇ. ವಾಪಸ್ ಬಂದ ಮೇಲೆ ದೋಸ್ತಿಯ ನಡುವೆ ಒಂದು ಬಾಕಿ ಇರುತ್ತೆ. ಅವ ಕೇಳಲ್ಲ, ನಿಮಗೆ ಮರೆಯಲ್ಲ. ಅವ ಫೋನ್ ಮಾಡಿದಾಗಲೆಲ್ಲ ಅದಕ್ಕೇ ಇರಬಹುದಾ ಅನ್ನಿಸುತ್ತೆ. ‘ಅಂದಿ ಅಲಾ, ಅಷ್ಟ ಸಾಕು. ಕೈಗಡ ತಗೊಂಡ ತಿರಗಾಡೂದು ಬ್ಯಾಡ ಅಂತ ಮಾಡೀನಿ’ ಅನ್ನಿ. ಅವ ಮತ್ತೊಮ್ಮೆ ಅಂದರೆ ಅದೇ ವಾಕ್ಯವನ್ನೇ ಹೇಳಿ. ಹೊಸ ಕಾರಣ ಕೊಟ್ಟರೆ ಅದಕ್ಕೂ ಅವ ಪರಿಹಾರ ಹುಡುಕ್ತಾನೆ. ಅವ ‘ಇದು ನನ್ನ ಕಡಿಂದ, ವಾಪಸ್ ಬ್ಯಾಡ’ ಅಂತ ನಿಜಕ್ಕೂ ಕೊಟ್ಟರೆ? ತಗೊಳ್ಳೋದು ಬಿಡೋದು ನಿಮ್ಮಿಬ್ಬರ ಸಂಬಂಧಕ್ಕೆ ಬಿಟ್ಟದ್ದು. ನನ್ನ ಅಭಿಪ್ರಾಯ ಕೇಳಿದರೆ, ಇಡೀ ಗ್ರೂಪಿನ ಮುಂದೆ ಕೊಟ್ಟದ್ದನ್ನ ತಗೋಬೇಡಿ.

‘ಕಂಜೂಸ್’ ಅಂತ ಕಾಲೆಳೆಯುವವನೂ ಒಬ್ಬ ಇರ್ತಾನೆ. ‘ಹೌದಲೇ, ಈ ತಿಂಗಳ ಕಂಜೂಸ್’ ಅಂದು ನಕ್ಕುಬಿಟ್ಟರೆ ಮಾತು ಅಲ್ಲಿಗೇ ನಿಲ್ಲುತ್ತೆ. ವಾದಕ್ಕಿಳಿದು ಬೈಕಿನ ಇಎಂಐಯಿಂದ ಹಿಡಿದು ಲೆಕ್ಕ ಒಪ್ಪಿಸಿದರೆ ನಿಮ್ಮ ಒಂದೊಂದು ಖರ್ಚೂ ಚರ್ಚೆಗೆ ಬರುತ್ತೆ. ‘ಭಿಶಿ ಒಂದ ತಿಂಗಳ ಬಿಡಲಾ’ ಅಂತ ಸಲಹೆ ಬರುತ್ತೆ, ಭಿಶಿ ಬಿಡೋಕಾಗಲ್ಲ ಅಂತ ಅವನಿಗೆ ಗೊತ್ತಿದ್ದರೂ!

ಈ ಮಾತು ಕೆಲಸ ಮಾಡದ ಸಂದರ್ಭವೂ ಇದೆ. ರೊಕ್ಕ ಬಿಗಿ ಅಂದು ಮರುವಾರ ಹೊಸ ಫೋನಿನ ಸ್ಟೇಟಸ್ ಹಾಕಿದರೆ ಅದೂ ಒಂದು ನೆಪವೇ ಆಗುತ್ತೆ. ರೊಕ್ಕ ಇದೆ, ಆದರೆ ಬೇರೆಯದಕ್ಕೆ ಎತ್ತಿಟ್ಟಿದ್ದೀರಿ ಅಂದರೆ ಹಾಗೇ ಹೇಳಿ: ‘ಫೋನ್ ತಗೋಬೇಕಂತ ಕೂಡಿ ಹಾಕಾಕತ್ತೀನಿ, ಅದರಾಗಿಂದ ತಗ್ಯಾಂಗಿಲ್ಲ.’ ಇದೂ ಅಷ್ಟೇ ಮರ್ಯಾದೆಯ ಕಾರಣ. ಟ್ರಿಪ್ಪೇ ಇಷ್ಟ ಇಲ್ಲ, ಕುಡಿದು ಕುಣಿಯೋ ಗದ್ದಲ ಬೇಡ ಅಂತಿದ್ದರೆ ಆಗಲೂ ರೊಕ್ಕದ ಹೆಸರು ಹೇಳಬೇಡಿ. ಅಗ್ಗದ ಪ್ಲ್ಯಾನ್ ತಂದು ನಿಮ್ಮ ಮುಂದಿಡ್ತಾರೆ.

ನಿಜಕ್ಕೂ ದೋಸ್ತರ ಜೊತೆ ಇರೋ ಆಸೆ ಇದ್ದರೆ ನೀವೇ ಒಂದು ಸಣ್ಣದನ್ನ ಮುಂದಿಡಬಹುದು. ಅವರು ಹೋಗೋ ದಾರಿಯಲ್ಲೇ ಇರೋ ಕಣಕುಂಬಿಗೆ, ಮಲಪ್ರಭೆ ಹುಟ್ಟೋ ಜಾಗಕ್ಕೆ, ಬೇರೊಂದು ರವಿವಾರ ಬೈಕಿನಲ್ಲಿ ಹೋಗಿ ಸಂಜೆಗೆ ಬರಬಹುದು. ಬುತ್ತಿ ಕಟ್ಟಿಕೊಂಡರೆ ಖರ್ಚು ಪೆಟ್ರೋಲಿನಷ್ಟೇ. ಇದನ್ನ ಗೋವಾದ ಬದಲಿಗೆ ಅಂತ ಹೇಳಬೇಡಿ. ಐವರ ಉತ್ಸಾಹವನ್ನ ನಿಮ್ಮ ಜೇಬಿನ ಅಳತೆಗೆ ಕತ್ತರಿಸಿದಂತೆ ಆಗುತ್ತೆ. ಅವರು ಹೋಗಿ ಬರಲಿ, ಇದು ಬೇರೆ.

ಪ್ಲ್ಯಾನ್ ಹಾಕುವವರಿಗೂ ಒಂದು ಮಾತು. ‘ಹೋಗೂಣ ಏನ್ರಲೇ’ ಅನ್ನೋ ಮೊದಲ ಮೆಸೇಜಿನಲ್ಲೇ ‘ತಲೆಗೆ ಎಂಟೂವರೆ ಸಾವಿರ ಆಗಬಹುದು, ಬುಧವಾರದೊಳಗ ನನಗ ಪರ್ಸನಲ್ ಹೇಳ್ರಿ’ ಅಂತ ಸೇರಿಸಿ. ಅಂಕಿ ಕಂಡರೆ ‘ಇಲ್ಲ’ ಅನ್ನುವವನಿಗೆ ಅರ್ಧ ಕೆಲಸ ನೀವೇ ಮಾಡಿಕೊಟ್ಟಂತೆ. ಗ್ರೂಪಿನ ಪೋಲ್‌ನಲ್ಲಿ ಯಾರು ಯಾವುದನ್ನ ಒತ್ತಿದರು ಅಂತ ಎಲ್ಲರಿಗೂ ಕಾಣುತ್ತೆ. ಐದು ‘ಹೂಂ’ಗಳ ಕೆಳಗೆ ಒಂಟಿ ‘ಇಲ್ಲ’ ಒತ್ತೋದು ಯಾರಿಗೂ ಸುಲಭವಲ್ಲ.

ಕೊನೆಯದಾಗಿ, ಆಗಲೇ ಟೋಕನ್ ಕೊಟ್ಟಾಗಿದೆ, ಆಮೇಲೆ ಕೈ ಬಿಗಿಯಾಯ್ತು ಅಂದರೆ ಏನು ಮಾಡಬೇಕು? ಮೊದಲು ಹೊಂದಿಸುತ್ತಿರುವವನಿಗೆ ಫೋನ್ ಮಾಡಿ, ಮನೆಯ ಬುಕಿಂಗ್ ರದ್ದು ಮಾಡಲು ಕೊನೆ ದಿನ ಯಾವುದು ಅಂತ ಕೇಳಿ. ಆ ದಿನ ದಾಟಿಲ್ಲದಿದ್ದರೆ ಐವರಿಗೆ ಸಾಕಾಗೋ ಸಣ್ಣ ಮನೆಗೆ ಬದಲಿಸಬಹುದು, ನಿಮ್ಮ ಟೋಕನ್ ಮರಳಿ ಬರುತ್ತೆ. ದಾಟಿದ್ದರೆ ಟೋಕನ್ ವಾಪಸ್ ಕೇಳಬೇಡಿ, ಅದು ಆ 30,000ದ ನಿಮ್ಮ ಪಾಲಿಗೆ ಹೋಗಲಿ. ಮೇಲಿನ ಉದಾಹರಣೆಯಲ್ಲಿ ನೀವು 2,000 ಟೋಕನ್ ಕೊಟ್ಟಿದ್ದರೆ ಉಳಿದ 28,000 ಐವರಿಗೆ ಹಂಚಿ ತಲೆಗೆ 5,600 ಬೀಳುತ್ತೆ. ಸಾವಿರದ ಬದಲು ಆರು ನೂರು ಜಾಸ್ತಿ. ನಿಮ್ಮ ಜಾಗಕ್ಕೆ ಇನ್ನೊಬ್ಬ ಸಿಕ್ಕರೆ ಅವನಿಂದ ಆ 2,000 ತಗೊಂಡು ನಿಮಗೆ ಕೊಡಲಿ ಅಂತ ಆ ಫೋನಿನಲ್ಲೇ ಹೇಳಿಬಿಡಿ. ಖರ್ಚು ಹಂಚೋ ಆ್ಯಪಿನಲ್ಲಿ ನಿಮ್ಮ ಹೆಸರಿದ್ದರೆ ಅದನ್ನೂ ತೆಗೆಸಿ. ಇಲ್ಲದಿದ್ದರೆ ನೀವು ಖಾಸಬಾಗದಲ್ಲಿ ಮನೆಯ ರೊಟ್ಟಿ-ಪಲ್ಯ ಉಣ್ಣುತ್ತಿರುವಾಗ ಕಲಂಗುಟ್‌ನ ಮೀನೂಟದ ಆರನೇ ಒಂದು ಪಾಲು ನಿಮ್ಮ ಫೋನಿಗೆ ಬಂದು ಕೂತಿರುತ್ತೆ.